ಲೀಟರ್ ತೂಕ ಎಷ್ಟು?

ಈ ವಾರ ಶಿವಮೊಗ್ಗದ ಮೇಳದಲ್ಲಿ ನಮ್ಮೂರಿನ ಎಂಟು ಮನೆಯವರು ಸೇರಿ ಕಾಳುಮೆಣಸಿನ ಸ್ಟಾಲ್ ಹಾಕಿದ್ದೆವು. ಮೊದಲ ದಿನ ಬೆಳಿಗ್ಗೆ ಫೋಟೋ ತೆಗೆದು ಅದರ ಕೆಳಗೆ ಬರೆದದ್ದು ನಾನೇ: "ಮಲೆನಾಡಿನ ಮಡಿಲಿನಿಂದ ನಿಮ್ಮ ಮನೆಗೆ! ಶುದ್ಧ, ಸಾವಯವ, ಘಮಘಮ ಕಾಳುಮೆಣಸು. ನಮ್ಮ ಸ್ಟಾಲಿಗೆ ಬನ್ನಿ." ಬರೆದು ಮುಗಿಸಿದಾಗ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಸಂಜೆಯೊಳಗೆ ನೂರಕ್ಕೂ ಜಾಸ್ತಿ ಲೈಕ್ ಬಂತು. ಎಲ್ಲಾ ನೆಂಟರದ್ದೇ. ಅವರ ಮನೆಯಲ್ಲೂ ಮೆಣಸು ಬೆಳೆಯುತ್ತಾರೆ, ಅವರು ಯಾಕೆ ಕೊಳ್ಳುತ್ತಾರೆ?

ಎರಡನೇ ದಿನ ಮಧ್ಯಾಹ್ನ ಒಬ್ಬ ವ್ಯಾಪಾರಿ ಬಂದರು. ನಮ್ಮ ಫೋಟೋ ನೋಡಿಯೇ ಬಂದದ್ದಂತೆ. ಆದರೆ ಸ್ಟಾಲ್ ನಂಬರ್ ಹಾಕಿರಲಿಲ್ಲವಲ್ಲ, ಮುಕ್ಕಾಲು ಗಂಟೆ ಹುಡುಕಿ, ಹಪ್ಪಳದ ಸ್ಟಾಲಿನವರನ್ನು ಕೇಳಿ ಬಂದಿದ್ದರು. ಬೆವರು ಒರೆಸಿಕೊಂಡು ಒಂದು ಹಿಡಿ ಮೆಣಸು ತೆಗೆದು ಅಂಗೈಯಲ್ಲಿ ತಿಕ್ಕಿದರು. ಆಮೇಲೆ ಕೇಳಿದರು, "ಲೀಟರ್ ತೂಕ ಎಷ್ಟು?"

ನಾನು ಚಹಾ ತರಲು ಹೋಗಿದ್ದೆ, ಸ್ಟಾಲಿನಲ್ಲಿ ಇದ್ದವನು ಅಕ್ಕನ ಮಗ. ಅವನು ತುಂಬಾ ವಿನಯದಿಂದ, "ಲೀಟರ್ ಎಣ್ಣೆಗೆ ಸಾರ್, ಇದು ಕೆಜಿ ಲೆಕ್ಕ" ಅಂದನಂತೆ.

ಅವರು ನಕ್ಕು ಹೊರಟೇ ಹೋದರು. ಹುಡುಗನನ್ನು ಬೈಯಲು ಬಾಯಿ ತೆರೆದೆ, ಆದರೆ ನಿಜ ಏನೆಂದರೆ ನಾನಿದ್ದರೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಲೀಟರ್ ಎಣ್ಣೆಗೆ ಸಾರ್. ರಾತ್ರಿ ಬಸ್ಸಿನಲ್ಲಿ ಬರುವಾಗ ಪೂರ್ತಿ ಇದೇ ಮಾತು ಕಿವಿಯಲ್ಲಿ.

ಪಕ್ಕದ ತೋಟದ ದೊಡ್ಡಪ್ಪನ ಮನೆಗೆ ನೇರ ಹೋದೆ. ಅವರಿಗೆ ಯಾರಾದರೂ ಎಡವಿದರೆ ಒಳಗೊಳಗೇ ಖುಷಿ, ಆದರೆ ಕೆಲಸ ಗೊತ್ತು. "ನೋಡೋ, ಒಂದು ಲೀಟರ್ ಪಾತ್ರೆ ತುಂಬಿದ ಮೆಣಸು ಎಷ್ಟು ಗ್ರಾಂ ತೂಗುತ್ತೆ ಅಂತ ಅವನು ಕೇಳಿದ್ದು. ಬಲಿತ ಕಾಳು ಗಟ್ಟಿ, ಜಾಸ್ತಿ ತೂಗುತ್ತೆ. ಎಳಸಾಗಿ ಕೊಯ್ದದ್ದು, ಪೊಳ್ಳು, ಇವು ಜಾಗ ತಿನ್ನುತ್ವೆ, ತೂಕ ಕೊಡಲ್ಲ. ಘಮಘಮ ಅಂತ ಎಲ್ಲರೂ ಬರೀತಾರೆ. ಅವನಿಗೆ ಬೇಕಾದ್ದು 500ರ ಮಾಲೋ 550ರದ್ದೋ ಅನ್ನೋದು."

ಆ ರಾತ್ರಿಯೇ ಅಳೆದೆವು. ಮೊದಲು ಪಾತ್ರೆ ಸರಿಯಾಗಿ ಒಂದು ಲೀಟರ್ ಹೌದಾ ಅಂತ ನೋಡಬೇಕು. ಅದಕ್ಕೆ ಖಾಲಿ ಪಾತ್ರೆಯ ತೂಕ ಕಳೆದು ನೀರು ತುಂಬಿದರೆ ಒಂದು ಕೆಜಿ ತೋರಿಸಬೇಕು. ಆಮೇಲೆ ಚೆನ್ನಾಗಿ ಒಣಗಿಸಿ ಮೆಣಸು ಸುರಿಯಬೇಕು. ಪಾತ್ರೆ ಕುಲುಕಬಾರದು, ಒತ್ತಬಾರದು, ಮೇಲೆ ಬಂದದ್ದನ್ನು ಅಡ್ಡಪಟ್ಟಿಯಿಂದ ಸವರಬೇಕು. ಕುಲುಕಿದರೆ ಕಾಳು ಒತ್ತೊತ್ತಾಗಿ ಕೂತು ತೂಕ ಏರುತ್ತದೆ, ಖರೀದಿದಾರ ಅಳೆದಾಗ ನಮ್ಮ ಮಾನ ಹೋಗುತ್ತದೆ. ಮೂರು ಸಲ ಅಳೆದೆವು: 528, 534, 531. ಸರಾಸರಿ 531.

ದೊಡ್ಡಪ್ಪ ಮೊರ ಎತ್ತಿಕೊಂಡರು. ಸ್ಟಾಲಿಗೆ ಅಂತ ಇಟ್ಟಿದ್ದ 30 ಕೆಜಿಯನ್ನು ಕೇರಿ, ಫ್ಯಾನಿನ ಗಾಳಿಗೆ ತೂರಿದಾಗ ಸುಮಾರು ಎರಡೂವರೆ ಕೆಜಿ ಹಗುರ ಕಾಳು ಹಾರಿ ಹೋಯಿತು. ಉಳಿದದ್ದು ಲೀಟರಿಗೆ 556! ಹೊಟ್ಟೆ ಉರಿಯಿತು, ಯಾಕೆಂದರೆ ಅದೇ ಮೆಣಸು, ಒಂದು ಗಂಟೆ ಮೊರ ಆಡಿಸಿದ್ದಿದ್ದರೆ ಆ ಮನುಷ್ಯ ನಕ್ಕು ಹೋಗುತ್ತಿರಲಿಲ್ಲ. ತೇವಾಂಶವನ್ನೂ ಪಕ್ಕದ ಮನೆಯ ಮೀಟರಿನಲ್ಲಿ ನೋಡಿದೆವು, 11 ಬಂತು. 12 ದಾಟಿದರೆ ಚೀಲದಲ್ಲಿ ಬೂಸ್ಟು ಹಿಡಿಯುವ ಭಯ. ಹಸಿ ಕಾಳಿನ ತೂಕದಲ್ಲಿ ನೀರೂ ಇರುತ್ತದೆ, ಅದಕ್ಕೇ ಲೀಟರ್ ತೂಕ ಒಂದನ್ನೇ ಬರೆದರೆ ಯಾರೂ ನಂಬುವುದಿಲ್ಲ.

ಮೂರನೇ ದಿನ ಬೆಳಿಗ್ಗೆ ಬೇರೆ ಫೋಟೋ. ತೋರಣ ಇಲ್ಲ, ನಾವೂ ಇಲ್ಲ. ತಕ್ಕಡಿಯ ಮೇಲೆ ಪಾತ್ರೆ, 556 ಕಾಣುವ ಹಾಗೆ, ಹಿಂದೆ ಸ್ಟಾಲ್ ನಂಬರಿನ ಬೋರ್ಡು. ಕೆಳಗೆ ಹೀಗೆ ಬರೆದೆ:

"ಕಾಳುಮೆಣಸು, ಹೊಸನಗರ ಕಡೆಯದು, ಈ ವರ್ಷದ ಕೊಯ್ಲು. ತೂರಿದ್ದು, ಲೀಟರ್ ತೂಕ 550ಕ್ಕೆ ಮೇಲೆ, ತೇವಾಂಶ 11. ಮೇಳದಲ್ಲಿ ಕೊಡಲು ಸಿದ್ಧ ಇರುವುದು 27 ಕೆಜಿ, ಊರಲ್ಲಿ 18 ಕ್ವಿಂಟಲ್ ಇದೆ, ಅದನ್ನು ಇನ್ನೂ ತೂರಬೇಕು. ಸ್ಟಾಲ್ 42, ಊಟದ ಸಾಲಿನ ಹಿಂದೆ, ಎಡಕ್ಕೆ ಮೂರನೆಯದು. ಇವತ್ತು ಸಂಜೆ 7ರವರೆಗೆ. ಪಾತ್ರೆ, ತಕ್ಕಡಿ ಇಲ್ಲೇ ಇದೆ, ನೀವೇ ಅಳೆದು ನೋಡಿ." ಕೊನೆಗೆ ಫೋನ್ ನಂಬರು.

ತೂರಿಲ್ಲ ಅಂತ ಬರೆಯಬೇಡ ಮಾವ, ಚೆನ್ನಾಗಿ ಕಾಣಲ್ಲ ಅಂದ ಅಕ್ಕನ ಮಗ. ಅದನ್ನು ಹಾಗೇ ಬಿಟ್ಟೆ. 27 ಕೆಜಿ ತೋರಿಸಿ 18 ಕ್ವಿಂಟಲ್ ಮಾರಿದರೆ ಲಾರಿ ವಾಪಸ್ ಬರುತ್ತದೆ ಅಷ್ಟೇ.

ಲೈಕ್ 19. ಬಂದವರು ನಾಲ್ಕು ಜನ, ನಾಲ್ವರೂ ನೇರ ಸ್ಟಾಲಿಗೆ. ಒಬ್ಬರು ತಾವೇ ಎರಡು ಸಲ ಅಳೆದರು, ಮೊದಲು 553, ಆಮೇಲೆ 557. ಕಾಲು ಕೆಜಿ ಸ್ಯಾಂಪಲ್ ಕಟ್ಟಿಸಿಕೊಂಡರು, ಊರಿನ ಮಾಲು ತೂರಿದ ಮೇಲೆ ಇನ್ನೊಂದು ಸ್ಯಾಂಪಲ್ ಕಳಿಸಿ ಅಂದರು. ಮೊದಲಿನ ವ್ಯಾಪಾರಿ ಮತ್ತೆ ಬರಲಿಲ್ಲ. ಸಂಜೆವರೆಗೂ ನೋಡಿದೆ.

ಈಗ ಎಂಟು ಮನೆಯ ಅಂಗಳದಲ್ಲೂ ಮೊರ ಆಡುತ್ತಿದೆ. ಅಕ್ಕನ ಮಗ ಮಾತ್ರ ನಿನ್ನೆ ಪಾತ್ರೆಗೆ ಕೊಬ್ಬರಿ ಎಣ್ಣೆ ಸುರಿದು ತೂಗುತ್ತಿದ್ದ. ಏನೋ ಅದು ಅಂದರೆ, "ಲೀಟರ್ ಎಣ್ಣೆಗೂ ಒಂದು ತೂಕ ಇರುತ್ತೆ ಅಲ್ವಾ ಮಾವ" ಅಂದ.