ದೋಷ ಯಾವ ಕಡೆಗೆ ವಾಲಿದೆ?

ನಮ್ಮ ಕಾಲೇಜಿನ ಪ್ರಯೋಗಾಲಯದ ಮೂಲೆಯಲ್ಲಿದ್ದ ಮರದ ಪೆಟ್ಟಿಗೆಯ ತುಂಬ ಬೆಸುಗೆ ಹಾಕಿದ ಉಕ್ಕಿನ ತುಂಡುಗಳಿದ್ದವು. ಲೋಹಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು ಅದರಿಂದ ಒಂದು ತುಂಡನ್ನು ಎತ್ತಿ ನಮ್ಮ ಕೈಗಿಟ್ಟು, "ದೋಷ ಇದೆಯೋ ಇಲ್ಲವೋ ಆಮೇಲೆ ನೋಡೋಣ, ಇದ್ದರೆ ಅದು ಯಾವ ಕಡೆಗೆ ವಾಲಿರುತ್ತದೆ, ಮೊದಲು ಅದನ್ನು ಹೇಳಿ" ಎನ್ನುತ್ತಿದ್ದರು. ಶಬ್ದದ ಅಲೆ ಕಳುಹಿಸಿ ಒಳಗಿನ ದೋಷ ಹುಡುಕುವ ಅಲ್ಟ್ರಾಸಾನಿಕ್ ಯಂತ್ರವನ್ನು ಮುಟ್ಟುವ ಮೊದಲೇ ಈ ಪ್ರಶ್ನೆ ಏಕೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ತಿಳಿದದ್ದು ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಒಂದು ಒತ್ತಡ ಪಾತ್ರೆಯ ಬೆಸುಗೆಯ ಮುಂದೆ ನಿಂತಾಗ.

ಆ ಪಾತ್ರೆಯ ಗೋಡೆ 25 ಮಿ.ಮೀ. ದಪ್ಪದ ಉಕ್ಕಿನ ಹಲಗೆ. ಜೋಡಣೆಯ ಎರಡೂ ಅಂಚುಗಳನ್ನು 30 ಡಿಗ್ರಿ ಓರೆಯಾಗಿ ಕತ್ತರಿಸಿ, ಎರಡೂ ಸೇರಿ 60 ಡಿಗ್ರಿಯ 'ವಿ' ಆಗುವಂತೆ ಇಟ್ಟು, ಮೇಲಿನಿಂದ ಬೆಸುಗೆ ತುಂಬಿದ್ದರು. ಗಾಮಾ ಕಿರಣ ಸೂಸುವ ಇರಿಡಿಯಂ-192 ಮೂಲವನ್ನು ಬಳಸಿ ತೆಗೆದ ರೇಡಿಯೋಗ್ರಫಿ ಫಿಲ್ಮ್‌ಗಳು ಬಂದಿದ್ದವು. ಅಳತೆಯ ತಂತಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು, ಕಪ್ಪಿನ ಮಟ್ಟವೂ ಸರಿಯಾಗಿತ್ತು. ಒಂದೆರಡು ಕಡೆ ಚದುರಿದ ಪೊರಾಸಿಟಿಯ, ಅಂದರೆ ಗಾಳಿಗುಳ್ಳೆಗಳ, ಸಣ್ಣ ಚುಕ್ಕೆಗಳನ್ನು ಬಿಟ್ಟರೆ ಫಿಲ್ಮ್‌ನಲ್ಲಿ ಏನೂ ಇರಲಿಲ್ಲ. ಆದರೂ ಗ್ರಾಹಕರ ಕರಾರಿನಲ್ಲಿ ಅಲ್ಟ್ರಾಸಾನಿಕ್ ಪರೀಕ್ಷೆಯೂ ಇದ್ದುದರಿಂದ ನಾನು ಅಲೆಯನ್ನು ಲಂಬಕ್ಕೆ 60 ಡಿಗ್ರಿ ಓರೆಯಾಗಿ ಹಲಗೆಯೊಳಗೆ ಕಳುಹಿಸುವ ಪ್ರೋಬ್ ಹಿಡಿದು ಕುಳಿತೆ.

ಪ್ರೋಬ್ ಅನ್ನು ಹಲಗೆಯ ಮೇಲೆ ಹಿಂದೆ ಮುಂದೆ ಸರಿಸುತ್ತ ಹೋದಾಗ ಒಂದು ಕಡೆ ಪರದೆಯ ಮೇಲೆ ಚೂಪಾದ ಪ್ರತಿಧ್ವನಿಯೊಂದು ಎದ್ದಿತು. ಅಲೆ ನಡೆದ ದಾರಿ 84 ಮಿ.ಮೀ. ಎಂದು ಯಂತ್ರ ತೋರಿಸಿತು. 60 ಡಿಗ್ರಿ ಕೋನದಲ್ಲಿ ಹೊರಟ ಅಲೆ 25 ಮಿ.ಮೀ. ಹಲಗೆಯ ತಳ ಮುಟ್ಟಲು 50 ಮಿ.ಮೀ. ನಡೆಯುತ್ತದೆ, ಆದ್ದರಿಂದ ಈ ಪ್ರತಿಧ್ವನಿ ತಳಕ್ಕೆ ತಾಗಿ ಮೇಲಕ್ಕೆ ಪುಟಿದ ಅಲೆಯದು. ಈ ಕೋನದಲ್ಲಿ ಅಲೆ ತಾನು ನಡೆದ ದಾರಿಯ ಅರ್ಧದಷ್ಟನ್ನು ಮಾತ್ರ ದಪ್ಪದ ದಿಕ್ಕಿನಲ್ಲಿ ದಾಟುತ್ತದೆ; 84ರ ಅರ್ಧ 42. ಹಲಗೆಯ ಎರಡು ಪಟ್ಟು ದಪ್ಪವಾದ 50ರಿಂದ ಅದನ್ನು ಕಳೆದರೆ ಮೇಲ್ಮೈಯಿಂದ 8 ಮಿ.ಮೀ. ಆಳ. ಪ್ರೋಬ್‌ನಿಂದ ಅಲೆ ಹೊರಡುವ ಬಿಂದುವಿನಿಂದ ದೋಷಕ್ಕೆ ಇರುವ ಅಡ್ಡ ದೂರ ಸುಮಾರು 73 ಮಿ.ಮೀ. ಅದೇ ಬಿಂದುವಿನಿಂದ ಬೆಸುಗೆಯ ನಡುಗೆರೆಗೆ ಟೇಪು ಹಿಡಿದಾಗ 83 ಬಂತು. ಅಂದರೆ ದೋಷ ನಡುಗೆರೆಗಿಂತ 10 ಮಿ.ಮೀ. ಈಚೆಗಿದೆ. ಕಾಗದದ ಮೇಲೆ 'ವಿ' ಬರೆದು ಆ ಬಿಂದುವನ್ನು ಗುರುತಿಸಿದಾಗ ಅದು ಓರೆ ಅಂಚಿನ ಗೆರೆಯ ಮೇಲೆಯೇ ಬಿದ್ದಿತು. ಬೆಸುಗೆಯ ಲೋಹ ಅಂಚಿನ ಲೋಹದೊಡನೆ ಕರಗಿ ಬೆರೆಯದೆ ಬರಿದೇ ಪಕ್ಕದಲ್ಲಿ ಕುಳಿತಿದೆ ಎಂಬ ಅನುಮಾನ ಅಲ್ಲೇ ಹುಟ್ಟಿತು.

ಅನುಮಾನವನ್ನು ಗಟ್ಟಿ ಮಾಡಿದ್ದು ಎದುರು ಬದಿಯ ಪರೀಕ್ಷೆ. ಬೆಸುಗೆಯ ಆಚೆ ಪ್ರೋಬ್ ಇಟ್ಟು, ತಳದಿಂದ ಪುಟಿದ ಅಲೆಯನ್ನೇ ಅದೇ ಜಾಗಕ್ಕೆ ಕಳುಹಿಸಿದಾಗ ಪ್ರತಿಧ್ವನಿ ಇದ್ದೂ ಇಲ್ಲದಷ್ಟು ಸಣ್ಣದಾಗಿತ್ತು. ಬೆಸುಗೆಯ ಕಿಟ್ಟವಾದ ಸ್ಲ್ಯಾಗ್ ಸಿಕ್ಕಿಕೊಂಡಿದ್ದರೆ ಅದರ ಒರಟು, ಉಬ್ಬಿದ ಮೈ ಎರಡೂ ಕಡೆಗೆ ಏನಾದರೂ ಅಲೆಯನ್ನು ಹಿಂದಿರುಗಿಸುತ್ತದೆ. ನಯವಾದ ಚಪ್ಪಟೆ ದೋಷವಾದರೋ ಕನ್ನಡಿಯಂತೆ. ನೇರವಾಗಿ ಎದುರು ಬಂದ ಅಲೆಯನ್ನು ಪೂರ್ತಿ ಹಿಂದಿರುಗಿಸುತ್ತದೆ, ಓರೆಯಾಗಿ ಬಂದದ್ದನ್ನು ಬೇರೆಲ್ಲಿಗೋ ತಳ್ಳಿಬಿಡುತ್ತದೆ. 30 ಡಿಗ್ರಿ ಓರೆಯ ಅಂಚಿಗೆ ಲಂಬವಾಗಿ ಬಡಿಯುವುದು 60 ಡಿಗ್ರಿಯ ಅಲೆ, ಅದೂ ಪುಟಿದು ಮೇಲೇರುವಾಗ. ಅಂದು ನನ್ನ ಕೈಯಲ್ಲಿ 45 ಡಿಗ್ರಿಯ ಪ್ರೋಬ್ ಮಾತ್ರ ಇದ್ದಿದ್ದರೆ ನಾನೂ ಆ ಬೆಸುಗೆಗೆ ಸಹಿ ಹಾಕಿ ಎದ್ದು ಹೋಗುತ್ತಿದ್ದೆನೋ ಏನೋ.

ಫಿಲ್ಮ್ ಏಕೆ ಮೌನವಾಗಿತ್ತು ಎಂಬ ಪ್ರಶ್ನೆ ಸಹಜವಾಗಿಯೇ ಬಂತು. ಫಿಲ್ಮ್ ತೆಗೆದವರು ನನ್ನ ಮೇಲೆ ಸ್ವಲ್ಪ ಸಿಟ್ಟಾಗಿಯೂ ಇದ್ದರು. ಅವರ ಕೆಲಸದಲ್ಲಿ ತಪ್ಪಿರಲಿಲ್ಲ. ಕಿರಣಗಳ ದಾರಿಯಲ್ಲಿ ಲೋಹ ಎಷ್ಟು ಕಡಿಮೆಯಾಗಿದೆ ಎಂಬುದನ್ನಷ್ಟೇ ಫಿಲ್ಮ್ ಹೇಳಬಲ್ಲದು. ಬೆರೆಯದ ಅಂಚಿನ ಬಿರುಕು 0.1 ಮಿ.ಮೀ. ಬಾಯಿ ತೆರೆದಿದೆ ಎಂದುಕೊಳ್ಳೋಣ. ಮೇಲಿನಿಂದ ನೇರವಾಗಿ ಬಂದ ಕಿರಣಕ್ಕೆ ಅದು 30 ಡಿಗ್ರಿ ಓರೆಯಾಗಿರುವುದರಿಂದ ಕಿರಣ ದಾಟುವ ಖಾಲಿ ಜಾಗ ಸುಮಾರು 0.2 ಮಿ.ಮೀ. ಮಾತ್ರ. 25 ಮಿ.ಮೀ.ನಲ್ಲಿ ಅದು ನೂರಕ್ಕೆ ಒಂದು ಪಾಲೂ ಆಗುವುದಿಲ್ಲ, ಸಾಮಾನ್ಯವಾಗಿ ನಾವು ಫಿಲ್ಮ್‌ನಿಂದ ನಿರೀಕ್ಷಿಸುವ ಸೂಕ್ಷ್ಮತೆ ನೂರಕ್ಕೆ ಎರಡರಷ್ಟು. ಅದೇ ಬೆಸುಗೆಯಲ್ಲಿದ್ದ 1 ಮಿ.ಮೀ. ಗಾಳಿಗುಳ್ಳೆ ನೂರಕ್ಕೆ ನಾಲ್ಕರಷ್ಟು ಲೋಹವನ್ನು ಕಳೆಯುವುದರಿಂದ ಕಪ್ಪು ಚುಕ್ಕೆಯಾಗಿ ಕಂಡಿತ್ತು. ಹೆಚ್ಚು ಅಪಾಯವಿಲ್ಲದ ಗುಳ್ಳೆ ಕಂಡು, ಅಪಾಯಕಾರಿಯಾದ ಬಿರುಕು ಕಾಣದೆ ಹೋದದ್ದು ಹೀಗೆ. ಮೂಲವನ್ನು ಓರೆ ಅಂಚಿನ ನೇರಕ್ಕೆ, ಅಂದರೆ 30 ಡಿಗ್ರಿ ವಾಲಿಸಿ ಮತ್ತೊಂದು ಫಿಲ್ಮ್ ತೆಗೆಯುವಂತೆ ಕೇಳಿಕೊಂಡೆ. ಈಗ ಕಿರಣ ಬಿರುಕಿನ ಉದ್ದಕ್ಕೂ ಹಾಯುವುದರಿಂದ ಫಿಲ್ಮ್‌ನಲ್ಲಿ ನೂಲಿನಂಥ ನೇರವಾದ ಕಪ್ಪು ಗೆರೆ ಮೂಡಿತು.

ದುರಸ್ತಿಯ ವೇಳೆ, ಬಿರುಕಿನೊಳಗೆ ಇಳಿಯುವ ಬಣ್ಣ ಹಚ್ಚಿ ನೋಡುವ ಡೈ ಪೆನೆಟ್ರಂಟ್‌ನ ಸರದಿ ಬಂತು. ಮೇಲ್ಮೈಗೆ ಬಾಯಿ ತೆರೆದ ದೋಷವನ್ನು ಮಾತ್ರ ಅದು ತೋರಿಸುತ್ತದೆ. ಒಳಗೆ ಮುಚ್ಚಿಹೋದದ್ದರ ವಿಷಯದಲ್ಲಿ ಅದಕ್ಕೆ ಕಣ್ಣಿಲ್ಲ. ಗೌಜಿಂಗ್ ಮಾಡಿ ಲೋಹ ತೋಡಿ, ಗ್ರೈಂಡರ್‌ನಿಂದ ಕರಿ ತೆಗೆದು 6 ಮಿ.ಮೀ. ಆಳಕ್ಕೆ ಬಂದಾಗ ಕೆಂಪು ಬಣ್ಣ ಹಚ್ಚಿ ನೋಡಿದೆವು, ಏನೂ ಬರಲಿಲ್ಲ. ಇನ್ನೊಂದು ಮಿ.ಮೀ. ತೆಗೆದು ಮತ್ತೆ ಹಚ್ಚಿ ಹದಿನೈದು ನಿಮಿಷ ಬಿಟ್ಟೆವು. ಹೆಚ್ಚುವರಿ ಬಣ್ಣ ತೆಗೆಯಲು ಸಹಾಯಕ ಕ್ಲೀನರ್ ಡಬ್ಬಿಯನ್ನು ನೇರವಾಗಿ ಗುಂಡಿಗೆ ಹಿಡಿಯಲು ಹೋದ. ಅವನ ಕೈ ತಡೆದೆ. ಹಾಗೆ ಸಿಂಪಡಿಸಿದರೆ ಬಿರುಕಿನೊಳಗೆ ಇಳಿದ ಬಣ್ಣವೂ ತೊಳೆದುಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಕ್ಲೀನರ್‌ನಲ್ಲಿ ತುಸುವೇ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಬಿಳಿಯ ಡೆವಲಪರ್ ಅನ್ನು ತೆಳ್ಳಗೆ ಬಿಟ್ಟೆವು. ನಿಮಿಷದೊಳಗೆ ಕೆಂಪು ಗೆರೆಯೊಂದು ಮೇಲೆದ್ದಿತು. ಗೆರೆ ಪೂರ್ತಿ ಮಾಯವಾಗುವವರೆಗೆ ಅಗೆದು, ಪ್ರತಿ ಸಲವೂ ಬಣ್ಣ ಹಚ್ಚಿ ನೋಡಿ, ಆಮೇಲಷ್ಟೇ ಮರುಬೆಸುಗೆಗೆ ಬಿಟ್ಟೆವು.

ಎರಕದ ಕೆಲಸಕ್ಕೆ ಬಂದ ಮೇಲೆ ಮೇಷ್ಟ್ರ ಪ್ರಶ್ನೆಗೆ ಬೇರೆಯದೇ ಉತ್ತರ ಸಿಕ್ಕಿತು: ಅಲ್ಲಿ ಎಷ್ಟೋ ದೋಷಗಳಿಗೆ ಯಾವ ಕಡೆಯೂ ಇಲ್ಲ. ಉಕ್ಕಿನ ವಾಲ್ವ್ ಬಾಡಿಯಲ್ಲಿ ದಪ್ಪ ಫ್ಲ್ಯಾಂಜ್ ತೆಳು ಗೋಡೆಯನ್ನು ಸೇರುವ ಕಡೆ ಲೋಹ ಕೊನೆಗೆ ಗಟ್ಟಿಯಾಗುತ್ತದೆ; ಕುಗ್ಗುವಾಗ ಅದಕ್ಕೆ ಹೊಸ ಲೋಹ ಸಿಗದಿದ್ದರೆ ಸ್ಪಂಜಿನಂಥ ಶ್ರಿಂಕೇಜ್ ಉಳಿಯುತ್ತದೆ. ಫಿಲ್ಮ್‌ನಲ್ಲಿ ಅದು ಮೋಡದಂತೆ, ಕವಲೊಡೆದ ಗರಿಯಂತೆ ಕಾಣುತ್ತದೆ. ಅಲ್ಟ್ರಾಸಾನಿಕ್ ಅಲೆಯನ್ನು ಅದು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಚೂಪಾದ ಪ್ರತಿಧ್ವನಿ ಏಳದಿರಬಹುದು. ಆಗ ಹಿಂಗೋಡೆಯ ಪ್ರತಿಧ್ವನಿ ಕುಸಿಯುವುದೇ ಸುಳಿವು. ಆದರೆ ಒರಟು ಮೈ, ಸಮಾನಾಂತರವಲ್ಲದ ಗೋಡೆ, ಸ್ಟೇನ್‌ಲೆಸ್ ಎರಕದ ದಪ್ಪ ಕಣಗಳು, ಇವೆಲ್ಲವೂ ಅದೇ ಕುಸಿತವನ್ನು ತರುತ್ತವೆ. ಆದ್ದರಿಂದ ಅಂಥ ಜಾಗಗಳಲ್ಲಿ ನನ್ನ ನಂಬಿಕೆ ಫಿಲ್ಮ್‌ನ ಮೇಲೆಯೇ.

ಆ ವಾಲ್ವ್‌ಗಳಲ್ಲಿ ಒಂದು ಡೈ ಪೆನೆಟ್ರಂಟ್ ಪರೀಕ್ಷೆಯಲ್ಲಿ ಸ್ವಚ್ಛವಾಗಿ ಪಾಸಾಗಿತ್ತು. ಫ್ಲ್ಯಾಂಜ್ ಅನ್ನು ಲೇತ್‌ನಲ್ಲಿ 3 ಮಿ.ಮೀ. ತೆಗೆದ ಮೇಲೆ ಮತ್ತೆ ಪರೀಕ್ಷಿಸಿದಾಗ ಗ್ಯಾಸ್ಕೆಟ್ ಕೂರುವ ಜಾಗದ ತುಂಬ ಕೆಂಪು ಚುಕ್ಕೆಗಳು ಎದ್ದವು. ಮೊದಲ ಪರೀಕ್ಷೆ ನಡೆದದ್ದು ಶಾಟ್ ಬ್ಲಾಸ್ಟಿಂಗ್ ಆದ ಮೈಯ ಮೇಲೆ. ಉಕ್ಕಿನ ಗುಂಡುಗಳ ಹೊಡೆತಕ್ಕೆ ರಂಧ್ರಗಳ ಬಾಯಿ ಮಡಚಿ ಮುಚ್ಚಿಹೋಗಿ ಬಣ್ಣ ಇಳಿಯಲು ದಾರಿಯೇ ಇರಲಿಲ್ಲ, ಜೊತೆಗೆ ಲೇತ್ ಹೊಸದಾಗಿ ತೆರೆದ ರಂಧ್ರಗಳೂ ಇದ್ದವು. ಅಂದಿನಿಂದ ನಾನು ಬರೆಯುವ ಪ್ರತಿ ವರದಿಯಲ್ಲೂ ಪರೀಕ್ಷೆ ಬ್ಲಾಸ್ಟಿಂಗ್‌ಗೆ ಮೊದಲೋ ನಂತರವೋ, ಯಂತ್ರದ ಕೆಲಸಕ್ಕೆ ಮೊದಲೋ ನಂತರವೋ, ಬೆಸುಗೆಯಾದರೆ ಯಾವ ಕೋನದ ಪ್ರೋಬ್, ಯಾವ ಬದಿಯಿಂದ ಎಂಬುದನ್ನು ಫಲಿತಾಂಶಕ್ಕಿಂತ ಮೇಲಿನ ಸಾಲಿನಲ್ಲಿಯೇ ಬರೆಯುತ್ತೇನೆ.