ಫೋನ್ ಬರುವ ಮೊದಲು ನನಗೊಂದು ಚೀಟಿ

"ಸರ್, ಹೊಸ ಕೆಲಸಕ್ಕೆ ರೆಫರೆನ್ಸ್ ಎಂದು ನಿಮ್ಮ ಹೆಸರು ಕೊಡುತ್ತಿದ್ದೇನೆ. ಅವರು ಫೋನ್ ಮಾಡುವ ಮೊದಲು ನಿಮಗೆ ಏನು ಬರೆದು ಕಳುಹಿಸಲಿ?"

ತೋಟದ ಕಾಫಿಯ ಹೊಟ್ಟು ತೆಗೆದು ಬೀಜ ವಿಂಗಡಿಸುವ, ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗುಣಮಟ್ಟ ವಿಭಾಗವನ್ನು ಬಹಳ ವರ್ಷ ನೋಡಿಕೊಂಡವನು ನಾನು. ಕೈಕೆಳಗೆ ಪಳಗಿದ ಹುಡುಗ ಹುಡುಗಿಯರು ಇಂದಿಗೂ ನನ್ನ ಹೆಸರು ಕೊಡುತ್ತಾರೆ. ಕೊಡಲಿ. ಆದರೆ ಏನನ್ನೂ ತಿಳಿಸದೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ.

ಒಂದು ಜನವರಿಯಲ್ಲಿ ಅಂಗಳದ ತುಂಬ ಲಾರಿಗಳು ನಿಂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಸಾಲ ಬೇಕೆ ಎಂದು ಕೇಳುವವರಿರಬೇಕೆಂದು ಎರಡು ಸಲ ಬಿಟ್ಟೆ, ಮೂರನೆಯ ಸಲ ಎತ್ತಿದೆ. ನಮ್ಮಲ್ಲಿದ್ದ ಹುಡುಗನೊಬ್ಬ ಎಷ್ಟು ವರ್ಷ ಕೆಲಸ ಮಾಡಿದ ಎಂದು ಕೇಳಿದರು. ಎರಡು ವರ್ಷ ಎಂದೆ. ಅವನು ಮೂರು ಎಂದು ಬರೆದಿದ್ದ. ಸುಳ್ಳಲ್ಲ, ಮೊದಲ ವರ್ಷ ಗುತ್ತಿಗೆದಾರನ ಮೂಲಕ ಬಂದಿದ್ದ, ನನಗೆ ಅದು ಮರೆತಿತ್ತು. ಆಚೆಗಿನ ದನಿ ತಣ್ಣಗಾಯಿತು. ಆ ಕೆಲಸ ಅವನಿಗೆ ಸಿಗಲಿಲ್ಲ. ಕಾರಣ ಅದೇ ಎಂದು ಯಾರೂ ಹೇಳಲಿಲ್ಲ, ನನಗಂತೂ ಇಂದಿಗೂ ಅದು ಚುಚ್ಚುತ್ತದೆ.

ಆಮೇಲೆ ಹುಡುಗಿಯೊಬ್ಬಳು ಹೀಗೆ ಬರೆದಳು:

"ಸರ್, ನಮಸ್ಕಾರ. ನೀವು ಒಪ್ಪಿದಂತೆ ನಿಮ್ಮ ನಂಬರ್ ಕೊಟ್ಟಿದ್ದೇನೆ. ಬುಧವಾರ ಅಥವಾ ಗುರುವಾರ ಬೆಂಗಳೂರಿನ ಕಾಫಿ ರಫ್ತು ಕಂಪನಿಯಿಂದ ಕರೆ ಬರಬಹುದು, ನಂಬರ್ 080ರಿಂದ ಶುರುವಾಗುತ್ತದೆ. ಸಂಜೆ 4ರ ನಂತರ ಮಾಡುವಂತೆ ಕೇಳಿಕೊಂಡಿದ್ದೇನೆ. ಕೆಲಸ ಗುಣಮಟ್ಟ ಅಧಿಕಾರಿಯದು: ತೋಟಗಳಿಂದ ಬಂದ ಕಾಫಿಯನ್ನು ಪರೀಕ್ಷಿಸುವುದು, ಬೆಳೆಗಾರರೊಂದಿಗೆ ಮಾತನಾಡುವುದು. ಸಂದರ್ಶನದಲ್ಲಿ ಎರಡನೆಯದನ್ನೇ ಹೆಚ್ಚು ಕೆದಕಿದರು. ನಿಮ್ಮಲ್ಲಿ 2021ರ ಜೂನ್‌ನಿಂದ 2024ರ ಮಾರ್ಚ್‌ವರೆಗೆ ಇದ್ದೆ, ಮೊದಲ ಆರು ತಿಂಗಳು ಟ್ರೈನಿ. ಅಮ್ಮನ ಚಿಕಿತ್ಸೆಗಾಗಿ ಬಿಟ್ಟೆ ಎಂದು ಅವರಿಗೆ ಹೇಳಿದ್ದೇನೆ. ತೇವ ಹೆಚ್ಚಿದೆ ಎಂದು ನಾನು ತಡೆದ ಲಾರಿ ನಿಮಗೆ ನೆನಪಿದ್ದರೆ, ಅದನ್ನು ಹೇಳಿದರೆ ಅನುಕೂಲ."

ಓದಲು ಒಂದು ನಿಮಿಷ ಸಾಕು. ನನಗೆ ಹೆಚ್ಚು ಹಿಡಿಸಿದ್ದು ಆ ಲಾರಿ. ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಳಹೊಟ್ಟು ಉಳಿಸಿ ಒಣಗಿಸಿದ ಕಾಫಿ, ಸುಮಾರು ಶೇಕಡಾ 10 ತೇವಕ್ಕೆ ಒಣಗಿರಬೇಕು; ಹಸಿಯಾಗಿ ಗೋದಾಮು ಸೇರಿದರೆ ಬೂಷ್ಟು ಹಿಡಿಯುತ್ತದೆ. ಅವಳ ಅಳತೆಯಲ್ಲಿ 12 ದಾಟಿತ್ತು. ಮೀಟರೇ ಸರಿಯಿಲ್ಲ ಎಂದು ತೋಟದ ಯಜಮಾನರು ರೇಗಿದರು. ಅವಳು ವಾದಕ್ಕಿಳಿಯಲಿಲ್ಲ. ಅವರನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವರು ತೋರಿಸಿದ ಚೀಲಗಳಿಂದಲೇ ಮತ್ತೆ ಮಾದರಿ ತೆಗೆದು ಅಳೆದಳು. ಲಾರಿ ವಾಪಸ್ ಹೋಯಿತು, ಮರುವಾರ ಅದೇ ಕಾಫಿ ಒಣಗಿ ಬಂತು, ಅದೇ ಯಜಮಾನರು ಅವಳನ್ನು ಹೆಸರು ಹಿಡಿದು ವಿಚಾರಿಸಿದರು. ಕಂಪನಿಗೆ ಬೇಕಾದ ಎರಡು ಗುಣಗಳೂ ಆ ಒಂದು ಪ್ರಸಂಗದಲ್ಲಿದ್ದವು. "ಪ್ರಾಮಾಣಿಕಳು, ಶ್ರಮಜೀವಿ" ಎಂದು ಬರೆದಿದ್ದರೆ ನಾನೂ ಅದನ್ನೇ ಒಪ್ಪಿಸುತ್ತಿದ್ದೆ, ಕೇಳಿದವರು ಆಕಳಿಸುತ್ತಿದ್ದರು.

ಇಂಥ ಪ್ರಸಂಗ ಒಂದೋ ಎರಡೋ ಸಾಕು. ಒಬ್ಬ ಮಹಾಶಯ ಎಂಟು ಅಂಶ ಬರೆದು, ನಾನು ಆಡಬೇಕಾದ ಮಾತನ್ನೂ ಸೇರಿಸಿ ಕಳುಹಿಸಿದ್ದ. ಅದರಲ್ಲಿ ಮೂರನ್ನು ನಾನು ಕಂಡೇ ಇರಲಿಲ್ಲ. "ಒಂದು ಉದಾಹರಣೆ ಕೊಡಿ" ಎಂದು ಆ ಕಡೆಯಿಂದ ಕೇಳಿದರೆ ನಾನು ತಡವರಿಸಬೇಕಾಗುತ್ತದೆ. ನಿಮ್ಮ ಕಾಲೇಜಿನ ಮೇಷ್ಟರಿಗೂ ನನಗೂ ಒಂದೇ ಚೀಟಿ ಕಳುಹಿಸಬೇಡಿ. ಲಾರಿ ನಾನು ಕಂಡದ್ದು, ಪ್ರಾಜೆಕ್ಟ್ ಅವರು ಕಂಡದ್ದು.

"ನೆನಪಿದ್ದರೆ" ಎಂಬ ಆ ಪದವನ್ನು ಬಿಡಬೇಡಿ. ಏನು ಹೇಳಬೇಕೆಂಬುದನ್ನು ಅದು ನನಗೇ ಬಿಡುತ್ತದೆ. ಆ ಹುಡುಗಿಯಲ್ಲಿ ಏನು ಕೊರತೆ ಎಂದು ಅವರು ಕೇಳಿಯೇ ಕೇಳಿದರು. ಮೊದಲ ವರ್ಷ ವರದಿಗಳು ತಡವಾಗುತ್ತಿದ್ದವು, ಆಮೇಲೆ ಸರಿಹೋಯಿತು ಎಂದೆ. ಅದನ್ನು ಮುಚ್ಚಿಡಿ ಎಂದು ಅವಳು ಬರೆದಿರಲಿಲ್ಲ. ಬರೆದಿದ್ದರೆ ನಾನು ಬೇರೆ ಯಾರನ್ನಾದರೂ ಕೇಳು ಎನ್ನುತ್ತಿದ್ದೆ.

ಯಾವಾಗ ಕಳುಹಿಸಬೇಕು? ಒಪ್ಪಿಗೆಯನ್ನು ಅರ್ಜಿ ಹಾಕುವ ಮೊದಲೇ ಕೇಳಿ, ಚೀಟಿಯನ್ನು ಸಂದರ್ಶನ ಮುಗಿದ ದಿನವೇ ಕಳುಹಿಸಿ. ತಿಂಗಳ ಮೊದಲು ಕಳುಹಿಸಿದರೆ ಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ.

ಸಮಯವನ್ನಂತೂ ಮರೆಯದೆ ಬರೆಯಿರಿ. ನಾನೀಗ ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿದ್ದೇನೆ. ಇಲ್ಲಿ ಸಿಗ್ನಲ್ ಸಿಗುವುದು ಕಣದ ಆಚೆ ಮೂಲೆಯಲ್ಲಿ, ಹಲಸಿನ ಮರದ ಬುಡದಲ್ಲಿ ಮಾತ್ರ. ನಾಲ್ಕು ಗಂಟೆ ಎಂದು ಗೊತ್ತಿದ್ದರೆ ಕುರ್ಚಿ ತೆಗೆದುಕೊಂಡು ಹೋಗಿ ಅಲ್ಲೇ ಕುಳಿತಿರುತ್ತೇನೆ.