ಒಂದು ದಿನ ಯಾರದ್ದೂ ಅಲ್ಲದ ದುಡ್ಡು

ನನ್ನ ಮಗಳು ಹುಟ್ಟಿದ್ದು 2004ರ ಫೆಬ್ರವರಿ 29ರಂದು. ಅವತ್ತು ಭಾನುವಾರ. ಹೆರಿಗೆ ವಾರ್ಡಿನಲ್ಲೇ ಒಬ್ಬರು, 'ಅಯ್ಯೋ, ನಾಲ್ಕು ವರ್ಷಕ್ಕೊಂದೇ ಖರ್ಚು' ಎಂದು ನಕ್ಕಿದ್ದರು. ಮುಂದೆ ಅದೇ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ ಲೆಕ್ಕವಿಲ್ಲ.

ಮನೆಯಲ್ಲಿ ಅಂಥ ತೊಂದರೆಯೇನೂ ಇರಲಿಲ್ಲ. ನಮ್ಮ ಅತ್ತೆಗೆ ಮೊಮ್ಮಗಳ ಹುಟ್ಟುಹಬ್ಬ ಅಂದರೆ ಫಾಲ್ಗುಣ ಶುದ್ಧ ನವಮಿ. ಪಂಚಾಂಗದಲ್ಲಿ ಅದು ಪ್ರತಿ ವರ್ಷ ತಪ್ಪದೆ ಬರುತ್ತದೆ, ಅವರು ಪಾಯಸ ಮಾಡುತ್ತಾರೆ. ಕೇಕು ಮಾತ್ರ ಒಂದು ವರ್ಷ 28ಕ್ಕೆ, ಇನ್ನೊಂದು ವರ್ಷ ಮಾರ್ಚ್ 1ಕ್ಕೆ. ಯಾವತ್ತು ರಜೆ ಇದೆಯೋ ಅವತ್ತು.

ತಕರಾರು ಶುರುವಾದದ್ದು ಅವಳಿಗೆ ಹದಿನೆಂಟು ತುಂಬಿದಾಗ. ಇಲ್ಲೊಂದು ತಮಾಷೆ ಇದೆ. 29ರಂದು ಹುಟ್ಟಿದ ಯಾರಿಗೂ ಹದಿನೆಂಟು ತುಂಬುವ ವರ್ಷ ಅಧಿಕ ವರ್ಷ ಆಗಿರುವುದೇ ಇಲ್ಲ. ಹದಿನೆಂಟನ್ನು ನಾಲ್ಕರಿಂದ ಭಾಗಿಸಿದರೆ ಎರಡು ಉಳಿಯುತ್ತದಲ್ಲ! ಅಂದರೆ ದಿನಾಂಕ ನಿಜಕ್ಕೂ ಮುಖ್ಯವಾಗುವ ಆ ಒಂದು ವರ್ಷದಲ್ಲೇ ಆ ದಿನಾಂಕ ಕ್ಯಾಲೆಂಡರಿನಲ್ಲಿ ಇರುವುದಿಲ್ಲ.

2022ರ ಫೆಬ್ರವರಿ 28, ಸೋಮವಾರ. ಕೋಚಿಂಗ್ ಫೀಸು ಕಟ್ಟಲು ಅದೇ ಕೊನೇ ದಿನ. ದುಡ್ಡು ಇದ್ದದ್ದು ಮಗಳ ಮೈನರ್ ಅಕೌಂಟಿನಲ್ಲಿ, ಗಾರ್ಡಿಯನ್ ನಾನು. ಬೆಳಿಗ್ಗೆಯೇ ಇಬ್ಬರೂ ಬ್ಯಾಂಕಿಗೆ ಹೋದೆವು. ನಾನು ಸಹಿ ಹಾಕಿದ ಸ್ಲಿಪ್ಪನ್ನು ಕೌಂಟರಿನವರು ವಾಪಸ್ ಕೊಟ್ಟರು. 'ಮೇಡಂ, ಮಗಳು ಮೇಜರ್ ಆಗಿದ್ದಾಳೆ ಅಂತ ಕಂಪ್ಯೂಟರ್ ತೋರಿಸ್ತಿದೆ. ಇನ್ನು ನಿಮ್ಮ ಸಹಿ ನಡೆಯಲ್ಲ. ಅವಳದೇ ಫೋಟೋ, ಆಧಾರ್, ಹೊಸ ಸಹಿ ಕೊಟ್ಟು ಅಕೌಂಟ್ ಬದಲಾಯಿಸಿಕೊಳ್ಳಿ.'

ಸರಿ ಅಂತ ಫಾರಂ ತುಂಬಿಸಿ ಪಕ್ಕದ ಮೇಜಿನ ಅಧಿಕಾರಿಗೆ ಕೊಟ್ಟೆವು. ಅವರು ಜನನ ದಿನಾಂಕ ನೋಡಿ, ಬೆರಳು ಮಡಚಿ ಲೆಕ್ಕ ಹಾಕಿ, ತಲೆ ಅಲ್ಲಾಡಿಸಿದರು. '28ಕ್ಕೆ ಹದಿನೆಂಟು ವರ್ಷ ಪೂರ್ತಿ ಆಗಲ್ಲಮ್ಮ. 29 ಅಂದ್ರೆ 28ರ ಮಾರನೇ ದಿನ. ಈ ವರ್ಷ ಅದು ಮಾರ್ಚ್ 1. ನಾಳೆ ಬನ್ನಿ.' ಹೇಳಿದ ಮೇಲೆ ಅವರಿಗೇ ನೆನಪಾಯಿತು. 'ಅಲ್ಲ, ನಾಳೆ ಶಿವರಾತ್ರಿ, ರಜೆ. ಬುಧವಾರ ಬನ್ನಿ.'

ಕಂಪ್ಯೂಟರಿನ ಪ್ರಕಾರ ಮಗಳು ದೊಡ್ಡವಳು, ಸಾಹೇಬರ ಪ್ರಕಾರ ಇನ್ನೂ ಚಿಕ್ಕವಳು. ಆ ದುಡ್ಡನ್ನು ನಾನೂ ಮುಟ್ಟುವಂತಿಲ್ಲ, ಅವಳೂ ಮುಟ್ಟುವಂತಿಲ್ಲ. ಸಿಟ್ಟು ಬಂತು. ಆದರೆ ಅವರ ಲೆಕ್ಕ ದಡ್ಡತನದ್ದೇನೂ ಅಲ್ಲ. ಹಾಂಗ್‌ಕಾಂಗ್‌ನ ಕಾನೂನು ಹಾಗೇ ಹೇಳುತ್ತದೆ: ಅಧಿಕ ವರ್ಷ ಅಲ್ಲದಿದ್ದರೆ ಮಾರ್ಚ್ 1. ತೈವಾನಿನಲ್ಲಿ ಉಲ್ಟಾ. ಆ ತಾರೀಖು ಇಲ್ಲದ ತಿಂಗಳಲ್ಲಿ ತಿಂಗಳ ಕೊನೇ ದಿನವನ್ನೇ ಹಿಡಿಯುತ್ತಾರೆ, ಅಂದರೆ 28. ಇದನ್ನೆಲ್ಲ ನಾನು ಆಮೇಲೆ ಓದಿಕೊಂಡೆ. ಅವತ್ತು ಗೊತ್ತಿದ್ದದ್ದು ಅಣ್ಣನ ಫೋನ್ ನಂಬರ್ ಒಂದೇ.

ಅಣ್ಣ ವಕೀಲ. ಕೋರ್ಟಿನ ಹೊರಗೆ ಬಂದು ಮಾತಾಡಿದ. 'ಮೆಜಾರಿಟಿ ಆಕ್ಟ್, 1875. ವಯಸ್ಸು ಎಣಿಸೋದು ಹೇಗೆ ಅನ್ನೋ ಸೆಕ್ಷನ್ ತೆಗಿ. ಕೆಳಗೆ ಉದಾಹರಣೆ ಕೊಟ್ಟಿದ್ದಾರೆ, ಅದನ್ನ ಓದು.' ಮಗಳು ಮೊಬೈಲಿನಲ್ಲಿ ಹುಡುಕಿ ತೆಗೆದಳು. ಸೆಕ್ಷನ್ನಿನಲ್ಲಿ ಇರುವುದು ಇಷ್ಟೇ: ಹುಟ್ಟಿದ ದಿನವನ್ನು ಪೂರ್ತಿ ಒಂದು ದಿನ ಎಂದು ಎಣಿಸಬೇಕು, ಹದಿನೆಂಟು ವರ್ಷ ಕಳೆದು ಅದೇ ದಿನ ಶುರುವಾಗುತ್ತಿದ್ದಂತೆ ವ್ಯಕ್ತಿ ಪ್ರಾಪ್ತ ವಯಸ್ಕ. ಇಷ್ಟರಿಂದ ನಮ್ಮ ಜಗಳ ಬಗೆಹರಿಯುತ್ತಿರಲಿಲ್ಲ. 'ಅದೇ ದಿನ'ವೇ ಇಲ್ಲವಲ್ಲ! ಬಗೆಹರಿಸಿದ್ದು ಉದಾಹರಣೆ. ಅದರಲ್ಲಿ 1852ರ ಫೆಬ್ರವರಿ 29ರಂದು ಹುಟ್ಟಿದ 'ಝಡ್' ಎಂಬ ಒಬ್ಬ ಬರುತ್ತಾನೆ. ಅವನ ಆಸ್ತಿಗೆ ಕೋರ್ಟು ಗಾರ್ಡಿಯನ್ನನ್ನು ನೇಮಿಸಿದೆ. ಆಗಿನ ಕಾನೂನಿನಲ್ಲಿ ಅಂಥವರಿಗೆ ಇಪ್ಪತ್ತೊಂದು ತುಂಬಬೇಕಿತ್ತು. ಅವನು ಮೇಜರ್ ಆಗುವುದು 1873ರ ಫೆಬ್ರವರಿ 28ರ ಮೊದಲ ಕ್ಷಣದಲ್ಲಿ. 1873 ಅಧಿಕ ವರ್ಷ ಅಲ್ಲ. ಈಗ ಇಪ್ಪತ್ತೊಂದರ ಜಾಗಕ್ಕೆ ಹದಿನೆಂಟು ಬಂದಿದೆ, ಲೆಕ್ಕ ಹಾಕುವ ಕ್ರಮ ಅದೇ.

ಅಧಿಕಾರಿ ಎರಡು ಸಲ ಓದಿದರು. ಮ್ಯಾನೇಜರ್ ಕೋಣೆಗೆ ಮೊಬೈಲ್ ತೆಗೆದುಕೊಂಡು ಹೋದರು. ಕಾಲು ಗಂಟೆ ಬಿಟ್ಟು ಬಂದು, 'ಇಷ್ಟು ವರ್ಷದ ಸರ್ವಿಸ್‌ನಲ್ಲಿ ಇಂಥ ಕೇಸ್ ಬಂದಿರಲಿಲ್ಲ' ಎಂದು ಫಾರಂ ತೆಗೆದುಕೊಂಡರು. 'ಮೇಜರ್ ಆದ ದಿನಾಂಕ' ಎಂಬಲ್ಲಿ 28-02-2022 ಎಂದು ತಾವೇ ಬರೆದರು. ಮಗಳು ಮೂರು ಕಡೆ ಸಹಿ ಹಾಕಿದಳು. ಮೂರೂ ಒಂದೊಂದು ಥರ ಇದ್ದವು, ಇನ್ನೊಮ್ಮೆ ಹಾಕಿಸಿದರು. ಮಧ್ಯಾಹ್ನ ಮೂರಕ್ಕೆ ದುಡ್ಡು ಕೈಗೆ ಬಂತು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರಿಗೆ ಕಾಯ್ದೆಯ ಮಾತೇ ಬೇಕಿರಲಿಲ್ಲ. 'ನಾಳೆ ಉಪವಾಸ. ಕೇಕು ಕತ್ತರಿಸೋದಾದ್ರೆ ಇವತ್ತೇ ಕತ್ತರಿಸ್ರೀ' ಅಂದರು. ಹತ್ತು ದಿನ ಬಿಟ್ಟು ನವಮಿ ಬಂತು, ಪಾಯಸವೂ ಆಯಿತು.